ಐದು ಪುಸ್ತಕ ಎಲ್ಲಿ ಹೋದವು?

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಈ ತಿಂಗಳು ಎಷ್ಟು ನೀರು ಬಳಸಿದೆವು ಎಂದು ತಿಳಿಯಬೇಕಾಗಿದೆ. ಇದಕ್ಕೆ ಎರಡು ದಾರಿಗಳಿವೆ. ತಿಂಗಳ ಮೊದಲ ದಿನ ಟ್ಯಾಂಕಿಗೆ ಒಂದು ಕೋಲು ಇಳಿಸಿ ಮಟ್ಟ ನೋಡುವುದು, ತಿಂಗಳಲ್ಲಿ ಎಷ್ಟು ನೀರು ತುಂಬಿಸಿದೆವು ಎಂದು ಬರೆದಿಟ್ಟುಕೊಳ್ಳುವುದು, ಕೊನೆಯ ದಿನ ಮತ್ತೆ ಕೋಲು ಇಳಿಸುವುದು. ಮೊದಲಿದ್ದದ್ದಕ್ಕೆ ತುಂಬಿಸಿದ್ದನ್ನು ಕೂಡಿಸಿ, ಉಳಿದದ್ದನ್ನು ಕಳೆದರೆ ಖರ್ಚಾದ ನೀರು ಸಿಗುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ನಲ್ಲಿಗೇ ಮೀಟರು ಕೂರಿಸಬೇಕು. ಆಗ ಪ್ರತಿ ಕೊಡ ನೀರು ಹೊರಬಂದಾಗಲೂ ಲೆಕ್ಕ ತಾನಾಗಿ ಏರುತ್ತದೆ.

ಎರಡೂ ದಾರಿಗಳು ಒಂದೇ ಉತ್ತರ ಕೊಡಬೇಕಲ್ಲವೇ? ಟ್ಯಾಂಕು ಸೋರದಿದ್ದರೆ ಕೊಡುತ್ತವೆ. ಸೋರುತ್ತಿದ್ದರೆ ಕೊಡುವುದಿಲ್ಲ. ಕೋಲಿನ ಲೆಕ್ಕದಲ್ಲಿ ಸೋರಿದ ನೀರೂ 'ಬಳಸಿದ ನೀರು' ಎಂದೇ ಸೇರಿಹೋಗುತ್ತದೆ. ಮೀಟರಿನ ಲೆಕ್ಕ ನಲ್ಲಿಯಿಂದ ಬಂದ ನೀರನ್ನು ಮಾತ್ರ ಹೇಳುತ್ತದೆ, ಸೋರಿಕೆಯ ವಿಷಯ ಅದಕ್ಕೆ ಗೊತ್ತೇ ಇಲ್ಲ. ಮೀಟರನ್ನೂ ಕೋಲನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಸೋರಿಕೆ ಎಷ್ಟು ಎಂಬುದು ಬಯಲಾಗುತ್ತದೆ.

ಪಿಯುಸಿ ಮತ್ತು ಬಿ.ಕಾಂ. ವಿದ್ಯಾರ್ಥಿಗಳನ್ನು ಗಲಿಬಿಲಿಗೊಳಿಸುವ ಎರಡು ದಾಸ್ತಾನು ಪದ್ಧತಿಗಳ ತಿರುಳು ಇಷ್ಟೇ. ಕೋಲಿನ ಲೆಕ್ಕಕ್ಕೆ ನಿಯತಕಾಲಿಕ ದಾಸ್ತಾನು ಪದ್ಧತಿ, ಅಂದರೆ ಪೀರಿಯಾಡಿಕ್ ಸಿಸ್ಟಂ ಎಂದು ಹೆಸರು. ಮೀಟರಿನ ಲೆಕ್ಕಕ್ಕೆ ನಿರಂತರ ದಾಸ್ತಾನು ಪದ್ಧತಿ, ಅಂದರೆ ಪರ್ಪೆಚುಯಲ್ ಸಿಸ್ಟಂ ಎಂದು ಹೆಸರು. ಎರಡೂ ಕಂಡುಹಿಡಿಯಲು ಹೊರಟಿರುವುದು ಒಂದೇ ಅಂಕಿಯನ್ನು: ಮಾರಾಟವಾದ ಸರಕಿನ ವೆಚ್ಚ. ಮಾರಾಟದ ಹಣದಿಂದ ಈ ವೆಚ್ಚವನ್ನು ಕಳೆದರೆ ಒಟ್ಟು ಲಾಭ ಬರುತ್ತದೆ. ಆದ್ದರಿಂದ ಈ ಅಂಕಿ ತಪ್ಪಿದರೆ ಲಾಭವೂ ತಪ್ಪುತ್ತದೆ.

ಒಂದು ಅಂಗಡಿಯ ಜೂನ್ ತಿಂಗಳು

ಹೈಸ್ಕೂಲಿನ ಎದುರಿಗೆ ಒಂದು ಪುಸ್ತಕದಂಗಡಿ ಇದೆ ಎಂದಿಟ್ಟುಕೊಳ್ಳಿ. ಶಾಲೆ ಶುರುವಾಗುವ ಜೂನ್ ತಿಂಗಳು ಅವರಿಗೆ ಸುಗ್ಗಿ. ಅಂಗಡಿಯಲ್ಲಿ ನೂರಾರು ಬಗೆಯ ಸಾಮಾನಿದ್ದರೂ ಲೆಕ್ಕ ಸುಲಭವಾಗಲೆಂದು ಇಲ್ಲಿ ಒಂದೇ ಒಂದು ಸರಕನ್ನು ಹಿಡಿದು ನೋಡಿ: 200 ಪುಟದ, ಗೆರೆ ಹಾಕಿದ ನೋಟ್‌ಬುಕ್. ಮಾರುವ ಬೆಲೆ 60 ರೂ.

ಜೂನ್ 1ರಂದು ಅಂಗಡಿಯಲ್ಲಿ 100 ಪುಸ್ತಕಗಳಿದ್ದವು. ಒಂದೊಂದಕ್ಕೆ ಬಿದ್ದ ವೆಚ್ಚ 40 ರೂ., ಒಟ್ಟು 4,000 ರೂ. ಜೂನ್ 10ರಂದು ಸಗಟು ವ್ಯಾಪಾರಿಯಿಂದ 160 ಪುಸ್ತಕ ಬಂದವು. ಬಿಲ್ಲಿನಲ್ಲಿ ಒಂದಕ್ಕೆ 44 ರೂ. ಇತ್ತು, ತರಲು ಆಟೋ ಬಾಡಿಗೆ 160 ರೂ. ಆಯಿತು. ಸರಕು ಅಂಗಡಿ ಸೇರುವವರೆಗಿನ ಸಾಗಣೆ ಖರ್ಚೂ ಸರಕಿನ ವೆಚ್ಚಕ್ಕೇ ಸೇರಬೇಕು. ಹಾಗಾಗಿ ಒಂದು ಪುಸ್ತಕಕ್ಕೆ ಬಿದ್ದದ್ದು 45 ರೂ., ಒಟ್ಟು 7,200 ರೂ. ಜೂನ್ 20ರಂದು ಸರಕು ಸಾಲದೆ ಅವಸರದಲ್ಲಿ ಇನ್ನೂ 40 ಪುಸ್ತಕ ತರಿಸಿದರು. ಬೇಡಿಕೆ ಏರಿದ್ದರಿಂದ ಒಂದಕ್ಕೆ 53 ರೂ. ಬಿತ್ತು, ಒಟ್ಟು 2,120 ರೂ.

ಅಂದರೆ ಜೂನ್ ತಿಂಗಳಲ್ಲಿ ಮಾರಲು ಸಿಕ್ಕಿದ್ದು ಒಟ್ಟು 300 ಪುಸ್ತಕ. ಅವುಗಳ ವೆಚ್ಚ 13,320 ರೂ. ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿಡಿ, ಮುಂದಿನ ಲೆಕ್ಕವೆಲ್ಲ ಇವುಗಳ ಹಂಚಿಕೆಯೇ. ಈ 13,320 ರೂ.ನಲ್ಲಿ ಮಾರಿಹೋದದ್ದಕ್ಕೆ ಎಷ್ಟು, ಕಪಾಟಿನಲ್ಲಿ ಉಳಿದದ್ದಕ್ಕೆ ಎಷ್ಟು ಎಂಬುದೇ ಪ್ರಶ್ನೆ.

ಅಪ್ಪನ ಲೆಕ್ಕ

ಅಂಗಡಿಯ ಯಜಮಾನರದು ಹಳೆಯ ಪದ್ಧತಿ. ಸರಕು ಬಂದಾಗ ಖರೀದಿ ಖಾತೆಗೆ ಬರೆಯುತ್ತಾರೆ, ಮಾರಿದಾಗ ಬಂದ ಹಣವನ್ನು ಮಾರಾಟದ ಖಾತೆಗೆ ಬರೆಯುತ್ತಾರೆ. ಯಾವ ಸರಕು ಎಷ್ಟು ಹೋಯಿತು ಎಂದು ದಿನದಿನವೂ ಬರೆಯುವುದಿಲ್ಲ. ತಿಂಗಳ ಕೊನೆಗೆ ಬಾಗಿಲು ಹಾಕಿಕೊಂಡು ಎಣಿಸುತ್ತಾರೆ. ಅವರ ಸೂತ್ರ ಇದು:

ಆರಂಭದ ದಾಸ್ತಾನು + ಖರೀದಿ − ಕೊನೆಯ ದಾಸ್ತಾನು = ಮಾರಾಟವಾದ ಸರಕಿನ ವೆಚ್ಚ

ಜೂನ್ 30ರ ರಾತ್ರಿ ಎಣಿಸಿದಾಗ 35 ಪುಸ್ತಕ ಸಿಕ್ಕವು. ಇವಕ್ಕೆ ಬೆಲೆ ಕಟ್ಟುವುದು ಹೇಗೆ? 40 ರೂ.ನದೋ, 45ರದೋ, 53ರದೋ? ಮೊದಲು ಬಂದದ್ದು ಮೊದಲು ಮಾರಿಹೋಗುತ್ತದೆ ಎಂಬ ನಿಯಮವನ್ನು ಅವರು ಅನುಸರಿಸುತ್ತಾರೆ. ಫಿಫೋ ಎಂದು ಕರೆಯುವುದು ಇದನ್ನೇ. ಹಳೆಯವು ಮೊದಲು ಹೋಗಿದ್ದರೆ ಉಳಿದ 35 ಕೊನೆಗೆ ಬಂದ 40ರ ಗುಂಪಿನವೇ ಆಗಿರಬೇಕು. ಆದ್ದರಿಂದ 35 × 53 = 1,855 ರೂ.

ಈಗ ಸೂತ್ರಕ್ಕೆ ಹಾಕಿ: 4,000 + 9,320 − 1,855 = 11,465 ರೂ. ಇದು ಮಾರಾಟವಾದ ಸರಕಿನ ವೆಚ್ಚ. ಗಲ್ಲಾಪೆಟ್ಟಿಗೆಗೆ ಈ ಪುಸ್ತಕದಿಂದ ಬಂದ ಹಣ 15,600 ರೂ. ಒಟ್ಟು ಲಾಭ 4,135 ರೂ. ಅಪ್ಪನ ಲೆಕ್ಕ ಮುಗಿಯಿತು.

ಈ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಎಲ್ಲೂ ಇಲ್ಲ. ಆದರೆ ಅದರ ಹೊಟ್ಟೆಯಲ್ಲಿ ಒಂದು ಊಹೆ ಅಡಗಿ ಕುಳಿತಿದೆ: ಕಪಾಟಿನಲ್ಲಿ ಇಲ್ಲದಿರುವ ಪುಸ್ತಕವೆಲ್ಲ ಮಾರಿಹೋಗಿದೆ ಎಂಬ ಊಹೆ.

ಮಗಳ ರಿಜಿಸ್ಟರು

ಯಜಮಾನರ ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ಓದುತ್ತಿದ್ದಾಳೆ. ಪಾಠದಲ್ಲಿ ಬಂದದ್ದನ್ನು ಪರೀಕ್ಷಿಸಿ ನೋಡಲೆಂದು ಆ ಒಂದು ಪುಸ್ತಕಕ್ಕೆ ಜೂನ್ 1ರಿಂದಲೇ ಬೇರೆ ರಿಜಿಸ್ಟರು ಇಟ್ಟಿದ್ದಳು. ಅದರಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಎಂದು ಮೂರು ಕಾಲಂ. ಪ್ರತಿ ಮಾರಾಟಕ್ಕೂ ಅವಳು ಎರಡು ನಮೂದು ಮಾಡುತ್ತಾಳೆ. ಒಂದು, ಬಂದ ಹಣ ಮಾರಾಟದ ಖಾತೆಗೆ. ಎರಡು, ಹೋದ ಪುಸ್ತಕದ ವೆಚ್ಚ ದಾಸ್ತಾನು ಖಾತೆಯಿಂದ ಇಳಿದು ಮಾರಾಟವಾದ ಸರಕಿನ ವೆಚ್ಚದ ಖಾತೆಗೆ. ಈ ಎರಡನೆಯ ನಮೂದೇ ನಲ್ಲಿಯ ಮೀಟರು.

ದಿನವೂ ನಡೆಯುವ ಮಾರಾಟವನ್ನು ಸುಲಭಕ್ಕಾಗಿ ಮೂರು ದಿನಕ್ಕೆ ಕೂಡಿಸಿ ನೋಡಿ. ಜೂನ್ 5ರಂದು 60 ಪುಸ್ತಕ ಹೋದವು. ಆಗ ಅಂಗಡಿಯಲ್ಲಿದ್ದದ್ದು 40 ರೂ.ನವು ಮಾತ್ರ, ಆದ್ದರಿಂದ ವೆಚ್ಚ 2,400 ರೂ. ಜೂನ್ 15ರಂದು 150 ಹೋದವು. ಹಳೆಯವು 40 ಉಳಿದಿದ್ದವು, ಅವು ಮೊದಲು ಹೋಗಬೇಕು, 1,600 ರೂ. ಮಿಕ್ಕ 110 ಪುಸ್ತಕ 45 ರೂ.ನ ಗುಂಪಿನಿಂದ, 4,950 ರೂ. ಎರಡೂ ಸೇರಿ 6,550 ರೂ. ಜೂನ್ 28ರಂದು 50 ಹೋದವು. 45 ರೂ.ನವು ಸರಿಯಾಗಿ 50 ಉಳಿದಿದ್ದವು, 2,250 ರೂ.

ಮೂರನ್ನೂ ಕೂಡಿಸಿದರೆ 260 ಪುಸ್ತಕ, 11,200 ರೂ. ವೆಚ್ಚ. ರಿಜಿಸ್ಟರಿನ ಪ್ರಕಾರ 53 ರೂ.ನ 40 ಪುಸ್ತಕ, ಅಂದರೆ 2,120 ರೂ.ನ ಸರಕು ಕಪಾಟಿನಲ್ಲಿರಬೇಕು.

ಅಪ್ಪನ ಅಂಕಿ 11,465, ಮಗಳದು 11,200. ಎರಡಕ್ಕೂ ಅಂತರ 265 ರೂ. ಅದನ್ನು 53ರಿಂದ ಭಾಗಿಸಿ ನೋಡಿ, ಐದು ಬರುತ್ತದೆ. ರಿಜಿಸ್ಟರಿನಲ್ಲಿ 40, ಕಪಾಟಿನಲ್ಲಿ 35. ಐದು ಪುಸ್ತಕ ಮಾರಾಟವೂ ಆಗಿಲ್ಲ, ಅಂಗಡಿಯಲ್ಲೂ ಇಲ್ಲ.

ಕೊನೆಗೆ ಮಗಳ ಲೆಕ್ಕವೂ ಅದೇ ಲಾಭಕ್ಕೆ ಬಂದು ನಿಲ್ಲುತ್ತದೆ. 15,600ರಲ್ಲಿ 11,200 ಕಳೆದು 4,400, ಅದರಲ್ಲಿ ದಾಸ್ತಾನು ಕೊರತೆ 265 ಕಳೆದು 4,135. ವ್ಯತ್ಯಾಸ ಇರುವುದು ಲಾಭದ ಮೊತ್ತದಲ್ಲಲ್ಲ. ಅಪ್ಪನ ಲೆಕ್ಕದಲ್ಲಿ ಆ 265 ರೂ. 'ಮಾರಾಟವಾದ ಸರಕು' ಎಂಬ ವೇಷ ಹಾಕಿಕೊಂಡು ಒಳಗೆ ಸೇರಿಕೊಂಡಿತ್ತು. ಮಗಳ ಲೆಕ್ಕದಲ್ಲಿ ಅದಕ್ಕೆ ಬೇರೆಯದೇ ಸಾಲು, ಬೇರೆಯದೇ ಹೆಸರು.

ಜಾಣ ಓದುಗರು ಇಲ್ಲೊಂದು ಪ್ರಶ್ನೆ ಕೇಳಬಹುದು. 15,600 ರೂ.ಗಳನ್ನು 60ರಿಂದ ಭಾಗಿಸಿದ್ದರೆ 260 ಪುಸ್ತಕ ಮಾರಿದ್ದು ಅಪ್ಪನಿಗೂ ತಿಳಿಯುತ್ತಿರಲಿಲ್ಲವೇ? ತಿಳಿಯುತ್ತಿತ್ತು, ಒಂದೇ ಸರಕು, ಒಂದೇ ಬೆಲೆ ಇರುವ ಅಂಗಡಿಯಲ್ಲಿ. ಪೆನ್ನು, ಪೆನ್ಸಿಲ್, ಜಾಮಿಟ್ರಿ ಬಾಕ್ಸ್, ಬೈಂಡು ಕಾಗದ ಎಲ್ಲದರ ಹಣ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುವ ಅಂಗಡಿಯಲ್ಲಿ ಹಾಗೆ ಭಾಗಿಸಲು ಬರುವುದಿಲ್ಲ. ಅಲ್ಲಿ ಕೋಲಿನ ಪದ್ಧತಿಯವರಿಗೆ ಸಿಗುವ ಸುಳಿವು ಒಂದೇ: ಮಾರಾಟದ ಪ್ರತಿ ನೂರು ರೂಪಾಯಿಗೆ ಲಾಭ ಎಷ್ಟು ಎಂಬ ಪ್ರಮಾಣ. ನಮ್ಮ ಉದಾಹರಣೆಯಲ್ಲಿ ಅದು ಶೇಕಡಾ 28.2 ಇರಬೇಕಾದದ್ದು 26.5ಕ್ಕೆ ಇಳಿದಿದೆ. ಬೆಲೆಗಳು ಬದಲಾಗದೆ ಈ ಪ್ರಮಾಣ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅನುಮಾನಿಸಬೇಕು. ಎಣಿಕೆಯ ತಪ್ಪೂ ಇರಬಹುದು. ಹತ್ತು ಪುಸ್ತಕದ ಒಂದು ಕಟ್ಟನ್ನು ಎರಡು ಸಲ ಎಣಿಸಿದರೆ ಕೊನೆಯ ದಾಸ್ತಾನು 490 ರೂ. ಹೆಚ್ಚಾಗಿ, ಈ ತಿಂಗಳ ಲಾಭ ಅಷ್ಟೇ ಉಬ್ಬುತ್ತದೆ. ಅದೇ ಅಂಕಿ ಮುಂದಿನ ತಿಂಗಳ ಆರಂಭದ ದಾಸ್ತಾನು ಆಗುವುದರಿಂದ ಆ ತಿಂಗಳ ಲಾಭ ಅಷ್ಟೇ ಕುಗ್ಗುತ್ತದೆ. ಒಂದು ತಿಂಗಳು ಉಬ್ಬಿ ಮರುತಿಂಗಳು ಕುಗ್ಗಿದ ಲಾಭ ಕಂಡರೆ ಮೊದಲು ಹುಡುಕಬೇಕಾದದ್ದು ಎಣಿಕೆಯ ಹಾಳೆಯನ್ನು.

ಕೊರತೆ ಹೇಳುತ್ತದೆ, ಕಳ್ಳನನ್ನಲ್ಲ

ಐದು ಪುಸ್ತಕ ಕಡಿಮೆ ಎಂದು ಕೇಳಿದ ತಕ್ಷಣ ಯಜಮಾನರ ಕಣ್ಣು ಹೋದದ್ದು ಅಂಗಡಿಯ ಕೆಲಸದವನ ಕಡೆಗೆ.

"ಅವನನ್ನೇ ಕೇಳಬೇಕು. ಕಟ್ಟು ಬಿಚ್ಚೋದು ಅವನೇ ತಾನೇ?"

"ತಡೀರಿ ಅಪ್ಪಾ. ಪುಸ್ತಕ ಇಲ್ಲ ಅಂತ ರಿಜಿಸ್ಟರು ಹೇಳುತ್ತೆ. ಯಾರು ತೊಗೊಂಡ್ರು ಅಂತ ಅದು ಹೇಳಲ್ಲ. ಮೊದಲು ಹುಡುಕೋಣ."

ಹುಡುಕಿದಾಗ ಮೂರು ಪುಸ್ತಕ ಸಿಕ್ಕವು. ನೆಲಕ್ಕೆ ತಾಗಿ ಇಟ್ಟಿದ್ದ ಕಟ್ಟಿನ ಅಡಿಯಲ್ಲಿದ್ದವು ಮಳೆಯ ತೇವಕ್ಕೆ ಉಬ್ಬಿ, ಹಾಳೆಗೆ ಹಾಳೆ ಅಂಟಿಕೊಂಡಿದ್ದವು. ಅವನ್ನು ಕೆಲಸದವನೇ ಬೇರೆ ತೆಗೆದು ರದ್ದಿಯ ಪಕ್ಕದಲ್ಲಿಟ್ಟಿದ್ದ, ಯಾರಿಗೂ ಹೇಳಿರಲಿಲ್ಲ ಅಷ್ಟೆ. ಇನ್ನೆರಡು ಸಿಗಲೇ ಇಲ್ಲ. ಗಿರಾಕಿಗಳ ಗದ್ದಲದಲ್ಲಿ ಯಾರಾದರೂ ಎತ್ತಿಕೊಂಡು ಹೋಗಿರಬಹುದು, ಸಗಟು ವ್ಯಾಪಾರಿಯ ಕಟ್ಟಿನಲ್ಲೇ ಎರಡು ಕಡಿಮೆ ಇದ್ದಿರಲೂಬಹುದು. ಬಂದ ದಿನ ಕಟ್ಟು ಬಿಚ್ಚಿ ಎಣಿಸದೆ ಬಿಲ್ಲು ನೋಡಿ 160 ಎಂದು ಬರೆದುಕೊಂಡಿದ್ದರೆ, ಆ ತಪ್ಪು ರಿಜಿಸ್ಟರಿಗೂ ಹತ್ತುತ್ತದೆ. ಅಂತೂ 159 ರೂ. ತೇವಕ್ಕೆ, 106 ರೂ. ಗೊತ್ತಿಲ್ಲದ ಕಾರಣಕ್ಕೆ ಎಂದು ಲೆಕ್ಕ ಬರೆದಾಯಿತು. ಮರುದಿನವೇ ಕಟ್ಟುಗಳ ಕೆಳಗೆ ಹಲಗೆ ಬಂತು. ನಿರಂತರ ಪದ್ಧತಿಯ ಪ್ರಯೋಜನ ಏನೆಂದು ಕೇಳಿದರೆ ಆ ಹಲಗೆಯನ್ನು ತೋರಿಸಬಹುದು.

ಸರಾಸರಿಯ ತೊಡಕು

ಫಿಫೋ ಅನುಸರಿಸಿದಾಗ, ಸರಕು ಕಾಣೆಯಾಗದಿದ್ದರೆ, ಎರಡು ಪದ್ಧತಿಗಳೂ ಒಂದೇ ವೆಚ್ಚ ಕೊಡುತ್ತವೆ. ಕೊರತೆಯನ್ನು ಮರೆತು, ಕೊನೆಯಲ್ಲಿ 40 ಪುಸ್ತಕವೇ ಸಿಕ್ಕಿದ್ದವು ಎಂದುಕೊಳ್ಳಿ. ಅಪ್ಪನ ಸೂತ್ರದಲ್ಲಿ 13,320 − 2,120 = 11,200. ಮಗಳದೂ ಅದೇ. ಹಳೆಯದು ಮೊದಲು ಎಂಬ ಸರದಿಯನ್ನು ದಿನದಿನ ನೋಡಿದರೂ ತಿಂಗಳಿಗೊಮ್ಮೆ ನೋಡಿದರೂ ಕೊನೆಗೆ ಉಳಿಯುವುದು ಹೊಸವೇ.

ಸರಾಸರಿ ಬೆಲೆ ಹಿಡಿದರೆ ಹಾಗಾಗುವುದಿಲ್ಲ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ.

ನಿಯತಕಾಲಿಕ ಪದ್ಧತಿಯಲ್ಲಿ ಇಡೀ ತಿಂಗಳಿಗೆ ಒಂದೇ ಸರಾಸರಿ: 13,320ನ್ನು 300ರಿಂದ ಭಾಗಿಸಿದರೆ 44.40 ರೂ. ಮಾರಿದ 260 ಪುಸ್ತಕದ ವೆಚ್ಚ 11,544 ರೂ.

ನಿರಂತರ ಪದ್ಧತಿಯಲ್ಲಿ ಹೊಸ ಸರಕು ಬಂದಾಗಲೆಲ್ಲ ಹೊಸ ಸರಾಸರಿ. ಜೂನ್ 5ರ 60 ಪುಸ್ತಕ 40 ರೂ.ನಂತೆ 2,400. ಜೂನ್ 10ರಂದು ಉಳಿದಿದ್ದ 40 ಪುಸ್ತಕದ 1,600 ರೂ.ಗೆ ಹೊಸ 7,200 ಸೇರಿ 8,800, ಇನ್ನೂರು ಪುಸ್ತಕಕ್ಕೆ ಹಂಚಿದರೆ 44 ರೂ. ಜೂನ್ 15ರ 150 ಪುಸ್ತಕ 44ರಂತೆ 6,600. ಉಳಿದ 50ರ ಬೆಲೆ 2,200. ಜೂನ್ 20ರ 2,120 ಸೇರಿ 90 ಪುಸ್ತಕಕ್ಕೆ 4,320, ಸರಾಸರಿ 48 ರೂ. ಜೂನ್ 28ರ 50 ಪುಸ್ತಕ 48ರಂತೆ 2,400. ಒಟ್ಟು 11,400 ರೂ.

ಅಂತರ 144 ರೂ. ಇಲ್ಲಿ ಯಾರೂ ಕದ್ದಿಲ್ಲ, ಯಾವುದೂ ನೆನೆದಿಲ್ಲ. ಹಾಗಾದರೆ ಕಾರಣ? ಜೂನ್ 5ರಂದು ಮಾರಿದ ಪುಸ್ತಕವನ್ನು ನೋಡಿ. ಅಂದು ಅಂಗಡಿಯಲ್ಲಿದ್ದದ್ದು 40 ರೂ.ನ ಸರಕು ಮಾತ್ರ. ಆದರೆ ತಿಂಗಳ ಸರಾಸರಿ ಅದಕ್ಕೆ 44.40 ರೂ. ವೆಚ್ಚ ಹಚ್ಚುತ್ತದೆ. ಹದಿನೈದು ದಿನ ಕಳೆದು ಬರಲಿರುವ 53 ರೂ.ನ ಪುಸ್ತಕವೂ ಅದರಲ್ಲಿ ಬೆರೆತಿದೆ! ನಿರಂತರ ಪದ್ಧತಿಯ ಸರಾಸರಿಗೆ ಮುಂದೆ ಬರುವ ಬೆಲೆ ಗೊತ್ತಿಲ್ಲ, ಆ ದಿನದವರೆಗಿನದು ಮಾತ್ರ ಗೊತ್ತು. ಬೆಲೆ ಏರುತ್ತಿರುವಾಗ ನಿಯತಕಾಲಿಕ ಸರಾಸರಿ ವೆಚ್ಚವನ್ನು ಸ್ವಲ್ಪ ಹೆಚ್ಚು ತೋರಿಸುವುದು ಈ ಕಾರಣಕ್ಕೆ. ಆದ್ದರಿಂದ ಪ್ರಶ್ನೆಪತ್ರಿಕೆಯಲ್ಲಿ ಸರಾಸರಿ ಎಂದಿದ್ದರೆ ಯಾವ ಪದ್ಧತಿಯದು ಎಂದು ನೋಡದೆ ಲೆಕ್ಕ ಶುರು ಮಾಡಬಾರದು. ಅಂದಹಾಗೆ, ಕೊನೆಗೆ ಬಂದದ್ದು ಮೊದಲು ಹೋಗುತ್ತದೆ ಎಂಬ ಲಿಫೋ ಕ್ರಮವನ್ನು ಭಾರತದ ಲೆಕ್ಕಪತ್ರ ಮಾನದಂಡ 1999ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ ಅದು ಇನ್ನೂ ಉಂಟು.

ಯಂತ್ರ ಬಂದರೂ ಎಣಿಕೆ ತಪ್ಪದು

ನೂರಾರು ಸರಕುಗಳ ಅಂಗಡಿಯಲ್ಲಿ ಪ್ರತಿ ಮಾರಾಟಕ್ಕೂ ಕೈಯಿಂದ ನಮೂದು ಮಾಡುವುದು ಆಗದ ಮಾತು. ಅದಕ್ಕೇ ಬಹಳ ಕಾಲ ನಿರಂತರ ಪದ್ಧತಿ ಬೆಲೆಬಾಳುವ, ಎಣಿಸಿ ಮಾರುವ ಸರಕುಗಳಿಗೆ ಹೆಚ್ಚಾಗಿ ಸಲ್ಲುತ್ತಿತ್ತು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಪಟ್ಟೆಗಳನ್ನು ಯಂತ್ರ ಓದಿತು. ಬಾರ್‌ಕೋಡ್ ಇಟ್ಟು ಅಂಗಡಿಯಲ್ಲಿ ನಡೆದ ಮೊದಲ ಮಾರಾಟ ಅದು. ಬಿಲ್ಲಾಗುವ ಕ್ಷಣದಲ್ಲೇ ದಾಸ್ತಾನೂ ಇಳಿಯುವಂತೆ ಮಾಡಲು ದಾರಿ ಇದರಿಂದ ತೆರೆಯಿತು.

ಯಂತ್ರಕ್ಕೂ ತನ್ನದೇ ತಪ್ಪುಗಳಿವೆ. ಗೆರೆ ಹಾಕಿದ ಮೂರು ಪುಸ್ತಕದ ಬದಲು ಗೆರೆಯಿಲ್ಲದ ಮೂರು ಪುಸ್ತಕವೆಂದು ಬಿಲ್ಲು ಮಾಡಿದರೆ, ಎಣಿಸಿದಾಗ ಒಂದರಲ್ಲಿ ಮೂರು ಕಡಿಮೆ, ಇನ್ನೊಂದರಲ್ಲಿ ಮೂರು ಹೆಚ್ಚು ಕಾಣುತ್ತದೆ. ಹೀಗೆ ಜೋಡಿಯಾಗಿ ಬರುವ ಹೆಚ್ಚುಕಡಿಮೆ ಕಳ್ಳತನದ ಗುರುತಲ್ಲ, ಅದು ಅಡ್ಡಬಿದ್ದ ನಮೂದಿನ ಗುರುತು. ಪರದೆಯ ಮೇಲೆ ದಾಸ್ತಾನು 'ಮೈನಸ್ ನಾಲ್ಕು' ಎಂದು ಕಂಡರೆ, ಬಂದ ಸರಕನ್ನು ನಮೂದಿಸುವ ಮೊದಲೇ ಮಾರಾಟ ಆಗಿರುವ ಸಾಧ್ಯತೆ ಹೆಚ್ಚು.

ಬೇಕೆಂದೇ ಬರೆದ ಸುಳ್ಳು ಇವೆಲ್ಲಕ್ಕಿಂತ ದೊಡ್ಡದು. ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಪುಸ್ತಕಗಳಲ್ಲಿ ಕೆನಡಾದ ಗೋದಾಮುಗಳಲ್ಲಿ ಇದೆಯೆಂದು ಬರೆದಿದ್ದ ಲಕ್ಷಾಂತರ ಡಾಲರ್ ಬೆಲೆಯ ಸರಕು ನಿಜಕ್ಕೂ ಇರಲೇ ಇಲ್ಲವೆಂಬುದು 1938ರಲ್ಲಿ ಬಯಲಾಯಿತು. ಕಾಗದಗಳೆಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು, ಆದರೆ ಲೆಕ್ಕ ಪರಿಶೋಧಕರು ಗೋದಾಮಿಗೆ ಹೋಗಿ ನೋಡಿರಲಿಲ್ಲ. ಮರುವರ್ಷವೇ ಅಲ್ಲಿನ ಲೆಕ್ಕ ಪರಿಶೋಧಕರ ಸಂಸ್ಥೆ, ದಾಸ್ತಾನಿನ ಎಣಿಕೆಯನ್ನು ಪರಿಶೋಧಕರು ಸ್ವತಃ ನಿಂತು ನೋಡಬೇಕೆಂಬ ಕ್ರಮವನ್ನು ತಂದಿತು.

ಹಾಗಾಗಿ ನಿರಂತರ ಪದ್ಧತಿ ಇಟ್ಟುಕೊಂಡವರೂ ಎಣಿಸಲೇಬೇಕು. ವರ್ಷಕ್ಕೊಮ್ಮೆ ಬಾಗಿಲು ಮುಚ್ಚಿ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ ನಾಲ್ಕಾರು ಸರಕನ್ನು ಸರದಿಯ ಮೇಲೆ ಎಣಿಸಿ ರಿಜಿಸ್ಟರಿನೊಡನೆ ತಾಳೆ ನೋಡುವ ಅನುಕೂಲ ಅವರಿಗಿದೆ. ಚಿಲ್ಲರೆ ಗುಂಡುಪಿನ್ನು, ರಬ್ಬರುಗಳಿಗೆ ಅಷ್ಟು ಶ್ರಮ ಬೇಡ, ಅವಕ್ಕೆ ಅಪ್ಪನ ಪದ್ಧತಿಯೇ ಸಾಕು.

ಓದುಗರಿಗೆ ಒಂದು ಲೆಕ್ಕ

ಅದೇ ಅಂಗಡಿಯಲ್ಲಿ ಜುಲೈ 1ರಂದು 53 ರೂ.ನ 35 ಪುಸ್ತಕಗಳಿದ್ದವು. ಆ ತಿಂಗಳು 51 ರೂ.ನಂತೆ 65 ಪುಸ್ತಕ ಬಂದವು. ಬಿಲ್ಲುಗಳ ಪ್ರಕಾರ 60 ರೂ.ನಂತೆ 78 ಪುಸ್ತಕ ಮಾರಾಟವಾದವು. ಜುಲೈ 31ರಂದು ಎಣಿಸಿದಾಗ 20 ಸಿಕ್ಕವು. ಫಿಫೋ ಅನುಸರಿಸಿ ಎರಡೂ ಪದ್ಧತಿಗಳಲ್ಲಿ ಮಾರಾಟವಾದ ಸರಕಿನ ವೆಚ್ಚ ಎಷ್ಟು? ಕೊರತೆ ಎಷ್ಟು?

ಉತ್ತರ: ನಿಯತಕಾಲಿಕ ಪದ್ಧತಿಯಲ್ಲಿ 4,150 ರೂ. ನಿರಂತರ ಪದ್ಧತಿಯಲ್ಲಿ 4,048 ರೂ. ಕೊರತೆ ಎರಡು ಪುಸ್ತಕ, 102 ರೂ. ಒಟ್ಟು ಲಾಭದಿಂದ ಕೊರತೆಯನ್ನು ಕಳೆದ ಮೇಲೆ ಎರಡರಲ್ಲೂ ಉಳಿಯುವುದು 530 ರೂ. ಹಲಗೆ ಬಂದ ಮೇಲೂ ಎರಡು ಪುಸ್ತಕ ಕಡಿಮೆ ಬಂದಿವೆ. ಈ ಸಲ ತೇವದ ಮೇಲೆ ಹೊರಿಸಲು ಬರುವುದಿಲ್ಲ. ಸಗಟು ವ್ಯಾಪಾರಿಯ ಕಟ್ಟನ್ನು ಬಂದ ದಿನವೇ ಬಿಚ್ಚಿ ಎಣಿಸುವುದರಿಂದ ಹುಡುಕಾಟ ಶುರುವಾಗಬೇಕು.